ನಾಲ್ಕು ಶಾರ್ಪ್ ಇದ್ದರೆ ಷಡ್ಜ ಎಲ್ಲಿ?

ಪಿಯಾನೊ ಕಲಿಯುತ್ತಿರುವ ಮಗಳು ಒಂದು ಸಂಜೆ ಥಿಯರಿಯ ಅಭ್ಯಾಸಪತ್ರಿಕೆ ಹಿಡಿದು ಬಂದಳು. ಐದು ಗೆರೆಯ ಲಿಪಿಯಲ್ಲಿ ನಾಲ್ಕೈದು ಬಾರ್ ಸಂಗೀತ ಅಚ್ಚಾಗಿತ್ತು, ಕೆಳಗೆ ಮೂರು ಪ್ರಶ್ನೆ: ಇದರ ಕೀ ಯಾವುದು, ಟೈಮ್ ಸಿಗ್ನೇಚರ್ ಯಾವುದು, ಕಾರ್ಡ್‌ಗಳು ಯಾವ ಕ್ರಮದಲ್ಲಿ ಬಂದಿವೆ. ಅವಳು ಬರೆದಿದ್ದ ಮೊದಲ ಉತ್ತರ, ಇ ಮೇಜರ್. ಎರಡನೆಯದು, ಹನ್ನೆರಡು–ಎಂಟು. ಮೂರನೆಯದನ್ನು ಖಾಲಿ ಬಿಟ್ಟಿದ್ದಳು. ಮೇಷ್ಟ್ರು ಎರಡಕ್ಕೂ ಕೆಂಪು ಗೆರೆ ಎಳೆದಿದ್ದರು, ಯಾಕೆಂದು ಬರೆದಿರಲಿಲ್ಲ.

“ಅಪ್ಪಾ, ನಾಲ್ಕು ಶಾರ್ಪ್ ಇದ್ದರೆ ಇ ಮೇಜರ್ ಅಂತ ಅವರೇ ಹೇಳಿಕೊಟ್ಟದ್ದು” ಎಂದಳು. ಅವಳ ದೂರಿನಲ್ಲಿ ನ್ಯಾಯವಿತ್ತು. ನಾಲ್ಕು ಶಾರ್ಪ್ ಇದ್ದರೆ ಇ ಮೇಜರ್ ಆಗಬಹುದು. ಆಗಲೇಬೇಕೆಂದಿಲ್ಲ.

ಹಾಳೆಯಲ್ಲಿದ್ದದ್ದು ಬೀಥೋವನ್‌ನ ‘ಮೂನ್‌ಲೈಟ್ ಸೊನಾಟಾ’ದ ಆರಂಭ. 1801ರಲ್ಲಿ ರಚಿಸಿದ ಈ ಕೃತಿ ಮರುವರ್ಷ ವಿಯೆನ್ನಾದಲ್ಲಿ ಅಚ್ಚಾಯಿತು. ಬೆಳದಿಂಗಳಿನ ಹೆಸರು ಅವನು ಇಟ್ಟದ್ದಲ್ಲ. 1827ರಲ್ಲಿ ಅವನು ತೀರಿಕೊಂಡ ಮೇಲೆ ರೆಲ್‌ಸ್ಟಾಬ್ ಎಂಬ ವಿಮರ್ಶಕನ ಮಾತಿನಿಂದ ಅಂಟಿಕೊಂಡ ಹೆಸರು ಅದು. ಬೀಥೋವನ್ ಬರೆದದ್ದು ‘ಫ್ಯಾಂಟಸಿಯಂಥ ಸೊನಾಟಾ’ ಎಂದಷ್ಟೇ. ನನಗೆ ಗೊತ್ತಿರುವುದು ಒಂದಿಷ್ಟು ಕರ್ನಾಟಕ ಪಿಟೀಲು, ಹಿರಿತನಕ್ಕೆ ಬಂದ ಮೇಲೆ ಕಲಿತ ಐದು ಗೆರೆಯ ಓದು. ಆದರೆ ಈ ಮೊದಲ ಐದು ಬಾರ್‌ಗಳನ್ನು ಓದುವುದಕ್ಕೆ ನಮ್ಮ ಸರಿಗಮ ಹೆಚ್ಚು ನೆರವಾಗುತ್ತದೆ ಎಂದು ಆ ಸಂಜೆ ಗೊತ್ತಾಯಿತು.

ಮೊದಲು ಹಾಳೆ ಹೇಗಿದೆ ನೋಡೋಣ. ಐದೈದು ಗೆರೆಯ ಎರಡು ಪಟ್ಟಿಗಳು ಒಂದರ ಕೆಳಗೊಂದು. ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಗೆರೆಯ ಮೇಲೊಂದು, ಗೆರೆಗಳ ನಡುವಿನ ಸಂದಿಯಲ್ಲೊಂದು ಎಂದು ಸ್ವರಗಳು ಏಣಿಯ ಮೆಟ್ಟಿಲ ಹಾಗೆ ಏರುತ್ತವೆ. ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಏಳೇ ಅಕ್ಷರ, ಮತ್ತೆ ಎ. ಉದ್ದಕ್ಕೆ ನಿಂತ ಗೀಟುಗಳು ಹಾಳೆಯನ್ನು ಬಾರ್‌ಗಳಾಗಿ ಕತ್ತರಿಸುತ್ತವೆ. ನಮ್ಮ ಲೆಕ್ಕದಲ್ಲಿ ಒಂದು ಬಾರ್ ಅಂದರೆ ಒಂದು ಪುಟ್ಟ ಆವರ್ತ.

ಪಟ್ಟಿಯ ಎಡತುದಿಯಲ್ಲಿ ನಾಲ್ಕು ಶಾರ್ಪ್ ಚಿಹ್ನೆಗಳಿವೆ. ಅದೇ ಕೀ ಸಿಗ್ನೇಚರ್. ಎಫ್, ಸಿ, ಜಿ, ಡಿ ಈ ನಾಲ್ಕು ಅಕ್ಷರಗಳನ್ನು ಇಡೀ ಹಾಳೆಯಲ್ಲಿ, ಯಾವ ಸ್ಥಾಯಿಯಲ್ಲೇ ಬರಲಿ, ಅರ್ಧ ಮೆಟ್ಟಿಲು ಏರಿಸಿ ನುಡಿಸು ಎಂದು ಅದರ ಅಪ್ಪಣೆ. ಶಾರ್ಪ್‌ಗಳು ಬರುವ ಕ್ರಮ ಯಾವತ್ತೂ ಬದಲಾಗುವುದಿಲ್ಲ. ಒಂದೇ ಇದ್ದರೆ ಎಫ್, ಎರಡಿದ್ದರೆ ಎಫ್ ಮತ್ತು ಸಿ, ಮೂರಾದರೆ ಜಿ ಕೂಡಿಕೊಳ್ಳುತ್ತದೆ, ನಾಲ್ಕಾದರೆ ಡಿ. ಹೀಗಾಗಿ ಎಷ್ಟಿವೆ ಎಂದು ಎಣಿಸಿದರೆ ಸಾಕು, ಯಾವುವು ಎಂದು ತಾನಾಗಿ ತಿಳಿಯುತ್ತದೆ.

ಮಕ್ಕಳಿಗೆ ಹೇಳಿಕೊಡುವ ಸೂತ್ರ ಹೀಗಿದೆ: ಕೊನೆಯ ಶಾರ್ಪ್‌ನಿಂದ ಅರ್ಧ ಮೆಟ್ಟಿಲು ಮೇಲೆ ಹೋದರೆ ಮೇಜರ್ ಕೀ ಸಿಗುತ್ತದೆ. ಇಲ್ಲಿ ಕೊನೆಯದು ಡಿ ಶಾರ್ಪ್, ಅದರ ಮುಂದಿನದು ಇ. ಕರ್ನಾಟಕ ಸಂಗೀತ ಕಲಿತವರಿಗೆ ಈ ಸೂತ್ರ ಉರು ಹೊಡೆಯಬೇಕಾದದ್ದೇನಲ್ಲ. ಮೇಜರ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಕೊನೆಯ ಶಾರ್ಪ್ ಅದರ ಕಾಕಲಿ ನಿಷಾದ. ನಿಷಾದದ ಪಕ್ಕದ ಮನೆ ಷಡ್ಜ, ಅಷ್ಟೇ.

ಸೂತ್ರ ಸರಿ, ಆದರೆ ಅರ್ಧ ಮಾತ್ರ. ಶಂಕರಾಭರಣದ ಅದೇ ಏಳು ಸ್ವರಗಳನ್ನು ಇಟ್ಟುಕೊಂಡು ಧೈವತವನ್ನು ಷಡ್ಜ ಮಾಡಿಕೊಂಡರೆ ಏನಾಗುತ್ತದೆ? ನಟಭೈರವಿ ಆಗುತ್ತದೆ. ಗ್ರಹಭೇದ ಎಂದು ನಾವು ಕರೆಯುವುದು ಇದನ್ನೇ. ಪಾಶ್ಚಾತ್ಯರಲ್ಲಿ ಪ್ರತಿಯೊಂದು ಮೇಜರ್ ಕೀಗೂ ಹೀಗೆ ಒಂದು ಮೈನರ್ ಜೋಡಿ ಇದೆ. ಎರಡಕ್ಕೂ ಕೀ ಸಿಗ್ನೇಚರ್ ಒಂದೇ. ಇ ಷಡ್ಜವಾದರೆ ಧೈವತ ಸಿ ಶಾರ್ಪ್. ಆದ್ದರಿಂದ ನಾಲ್ಕು ಶಾರ್ಪ್ ಕಂಡೊಡನೆ ಸಿಗುವುದು ಉತ್ತರವಲ್ಲ, ಇಬ್ಬರು ಅನುಮಾನಿತರು: ಇ ಮೇಜರ್ ಅಥವಾ ಸಿ ಶಾರ್ಪ್ ಮೈನರ್. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಮೂರು ಅಥವಾ ಕಪ್ಪು ಒಂದು. ಮಗಳು ಮೊದಲನೆಯವನನ್ನೇ ಹಿಡಿದು ಠಾಣೆಗೆ ಒಯ್ದಿದ್ದಳು.

ಇಬ್ಬರಲ್ಲಿ ಯಾರು ಎಂದು ಹೇಳುವುದು ಹಾಳೆಯ ಎಡತುದಿಯಲ್ಲ, ಎಡಗೈ.

ಬೀಥೋವನ್ ಎಡಗೈಗೆ ಕೊಟ್ಟಿರುವ ಕೆಲಸ ಬಹಳ ಸಣ್ಣದು. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಒತ್ತಿ ಹಿಡಿದುಕೊಂಡಿರುವುದು. ಮೊದಲ ಬಾರ್ ಪೂರ್ತಿ ಸಿ ಶಾರ್ಪ್. ಎರಡನೆಯ ಬಾರ್ ಪೂರ್ತಿ ಬಿ. ಮೂರನೆಯದರಲ್ಲಿ ಅರ್ಧ ಎ, ಅರ್ಧ ಎಫ್ ಶಾರ್ಪ್. ನಾಲ್ಕನೆಯದರಲ್ಲಿ ಜಿ ಶಾರ್ಪ್, ಮತ್ತೆ ಜಿ ಶಾರ್ಪ್. ಐದನೆಯದರಲ್ಲಿ ಸಿ ಶಾರ್ಪ್‌ಗೆ ವಾಪಸು. ಸಿ ಶಾರ್ಪ್ ಅನ್ನು ಷಡ್ಜ ಎಂದಿಟ್ಟುಕೊಂಡು ಹಾಡಿ ನೋಡಿ: ಸ, ನಿ, ದ, ಮ, ಪ, ಪ, ಸ. ಷಡ್ಜದಿಂದ ಮೆಲ್ಲನೆ ಇಳಿದು, ಮಧ್ಯಮ ಮುಟ್ಟಿ, ಪಂಚಮದಲ್ಲಿ ನಿಂತು, ಷಡ್ಜ ಸೇರುತ್ತದೆ. ಇದೇ ಸಾಲನ್ನು ಇ ಷಡ್ಜ ಎಂದು ಹಾಡಿದರೆ ದ, ಪ, ಮ, ರಿ, ಗ, ಗ, ದ. ಎಲ್ಲಿ ಹೊರಟು ಎಲ್ಲಿ ಬಂದೆವು ಎಂದೇ ತಿಳಿಯುವುದಿಲ್ಲ. ಐದು ಬಾರ್‌ಗಳಲ್ಲಿ ಎಡಗೈ ಇ ಸ್ವರವನ್ನು ಒಮ್ಮೆಯೂ ನೆಲೆಯಾಗಿ ಹಿಡಿಯುವುದಿಲ್ಲ. ಷಡ್ಜ ಎಂದು ನಾವು ಅಂದುಕೊಂಡ ಸ್ವರ ತಳದಲ್ಲಿ ಬರಲೇ ಇಲ್ಲ ಅಂದರೆ ಅಂದುಕೊಂಡದ್ದು ತಪ್ಪು.

ಇನ್ನೊಂದು ಸಾಕ್ಷಿಯೂ ಇದೆ. ಕೀ ಸಿಗ್ನೇಚರ್‌ನಲ್ಲಿ ಇಲ್ಲದ ಒಂದು ಶಾರ್ಪ್ ನಾಲ್ಕನೆಯ ಬಾರ್‌ನಲ್ಲಿ, ಬಿ ಸ್ವರದ ಮುಂದೆ, ಪ್ರತ್ಯೇಕವಾಗಿ ಬಂದು ಕೂತಿದೆ. ಸಿ ಶಾರ್ಪ್ ಷಡ್ಜವಾದರೆ ಬಿ ಎಂಬುದು ನಟಭೈರವಿಯ ಕೈಶಿಕಿ ನಿಷಾದ. ಬಿ ಶಾರ್ಪ್ ಕಾಕಲಿ ನಿಷಾದ. ಅಂದರೆ ಆ ಗಳಿಗೆಗೆ ನಟಭೈರವಿ ಕೀರವಾಣಿಯಾಗಿದೆ. ಪಾಶ್ಚಾತ್ಯ ಸಂಗೀತಗಾರರು ಮೈನರ್‌ನಲ್ಲಿ ಪಂಚಮದಿಂದ ಷಡ್ಜಕ್ಕೆ ಬರುವಾಗ ನಿಷಾದವನ್ನು ಏರಿಸುವುದು ಮಾಮೂಲಿ, ಏರಿಸಿದ ನಿಷಾದ ಷಡ್ಜಕ್ಕೆ ತೀರ ಹತ್ತಿರ ನಿಂತು ಅದನ್ನು ಬಯಸುತ್ತದೆ. ಆ ಏರಿಕೆಯನ್ನು ಅವರು ಕೀ ಸಿಗ್ನೇಚರ್‌ನಲ್ಲಿ ಸೇರಿಸುವುದಿಲ್ಲ, ಬೇಕಾದಲ್ಲಿ ಕೈಯಿಂದ ಬರೆಯುತ್ತಾರೆ. ಹಾಗಾಗಿ ಓದುವವರಿಗೆ ಒಂದು ಗುರುತು: ಎರಡು ಕೀಗಳ ನಡುವೆ ಅನುಮಾನ ಬಂದಾಗ, ಮೈನರ್‌ನ ನಿಷಾದಕ್ಕೆ ಹೊರಗಿನಿಂದ ಶಾರ್ಪ್ ಬಿದ್ದಿದೆಯೇ ಎಂದು ಹುಡುಕಿ. ಬಿದ್ದಿದ್ದರೆ ಅದು ಬಹುಪಾಲು ಮೈನರ್.

ಕೀ ಮುಗಿಯಿತು. ಈಗ ಹನ್ನೆರಡು–ಎಂಟರ ಕಥೆ.

ಕೀ ಸಿಗ್ನೇಚರ್ ಪ್ರತಿ ಸಾಲಿನ ಆರಂಭದಲ್ಲೂ ಬರುತ್ತದೆ, ಟೈಮ್ ಸಿಗ್ನೇಚರ್ ಬರುವುದು ಕೃತಿಯ ಮೊದಲಲ್ಲಿ ಒಮ್ಮೆ ಮಾತ್ರ. ಆದ್ದರಿಂದ ಪತ್ರಿಕೆ ತಯಾರಿಸುವವರು ಅದನ್ನು ಸುಲಭವಾಗಿ ಅಳಿಸಿಬಿಟ್ಟು ‘ನೀನೇ ಹೇಳು’ ಎನ್ನುತ್ತಾರೆ. ಮಗಳ ಪತ್ರಿಕೆಯಲ್ಲಿ ಅದನ್ನೂ, ಬಲಗೈ ಸ್ವರಗುಂಪುಗಳ ಮೇಲಿದ್ದ ಪುಟ್ಟ 3 ಅಂಕಿಗಳನ್ನೂ ತೆಗೆದಿದ್ದರು. ಉಳಿದದ್ದು ಎಣಿಕೆ.

ಸ್ವರದ ಉದ್ದವನ್ನು ಅಳೆಯಲು ಪಾಶ್ಚಾತ್ಯರು ಇಟ್ಟುಕೊಂಡಿರುವುದು ನಮ್ಮ ಅಂಗಡಿಯ ಹಳೆಯ ಲೆಕ್ಕವನ್ನೇ. ಪೂರ್ತಿ, ಅರ್ಧ, ಕಾಲು, ಅರೆಕಾಲು, ವೀಸ. ಒಳಗೆ ಟೊಳ್ಳಾದ, ಕಡ್ಡಿಯಿಲ್ಲದ ಮೊಟ್ಟೆ ಪೂರ್ತಿ ನೋಟ್. ಅದಕ್ಕೆ ಕಡ್ಡಿ ಬಂದರೆ ಅರ್ಧ. ಮೊಟ್ಟೆಗೆ ಕಪ್ಪು ತುಂಬಿದರೆ ಕಾಲು. ಕಡ್ಡಿಗೆ ಒಂದು ಬಾಲ ಅಥವಾ ಒಂದು ಅಡ್ಡಪಟ್ಟಿ ಬಂದರೆ ಅರೆಕಾಲು, ಎರಡು ಬಂದರೆ ವೀಸ. ಪಕ್ಕದಲ್ಲಿ ಚುಕ್ಕೆ ಇಟ್ಟರೆ ಇದ್ದ ಉದ್ದಕ್ಕೆ ಅದರರ್ಧ ಸೇರಿಕೊಳ್ಳುತ್ತದೆ.

ಬಲಗೈಯಲ್ಲಿ ಅರೆಕಾಲುಗಳು ಮೂರು ಮೂರರ ಗುಂಪಾಗಿ ಬಂದಿವೆ, ಒಂದು ಬಾರ್‌ಗೆ ನಾಲ್ಕು ಗುಂಪು. ಮೂರು ನಾಲ್ಕಲಿ ಹನ್ನೆರಡು. ಹನ್ನೆರಡು ಅರೆಕಾಲು ಎಂದರೆ ಟೈಮ್ ಸಿಗ್ನೇಚರ್ ಹನ್ನೆರಡು–ಎಂಟು ಎಂದು ಮಗಳು ತೀರ್ಮಾನಿಸಿದ್ದಳು. ಕಿವಿಗೆ ಕೇಳಿದರೂ ಹಾಗೇ ಕೇಳುತ್ತದೆ, ತಪ್ಪೇನು?

ಇಲ್ಲೂ ಎಡಗೈಯನ್ನೇ ಕೇಳಬೇಕು. ಮೊದಲ ಬಾರ್ ಉದ್ದಕ್ಕೂ ಅದು ಹಿಡಿದಿರುವುದು ಒಂದು ಪೂರ್ತಿ ನೋಟ್, ಪಕ್ಕದಲ್ಲಿ ಚುಕ್ಕೆ ಇಲ್ಲ. ಚುಕ್ಕೆಯಿಲ್ಲದ ಪೂರ್ತಿ ನೋಟ್‌ಗೆ ಎಂಟೇ ಅರೆಕಾಲು. ಹನ್ನೆರಡು ಅರೆಕಾಲಿನ ಬಾರ್ ತುಂಬಬೇಕಾದರೆ ಅದಕ್ಕೆ ಚುಕ್ಕೆ ಇರಬೇಕಿತ್ತು. ಮೂರನೆಯ ಬಾರ್‌ನ ಎರಡು ಅರ್ಧ ನೋಟ್‌ಗಳಿಗೂ ಚುಕ್ಕೆ ಇಲ್ಲ. ಎಡಗೈ ಪ್ರಕಾರ ಬಾರ್ ಎಂಟು ಅರೆಕಾಲಿನದು, ಬಲಗೈಯಲ್ಲಿ ಕಾಣುವುದು ಹನ್ನೆರಡು. ಎರಡೂ ನಿಜವಾಗಬೇಕಾದರೆ ದಾರಿ ಒಂದೇ: ಬಲಗೈಯ ಮೂರು ಅರೆಕಾಲುಗಳು ಎರಡರ ಜಾಗದಲ್ಲಿ ತೂರಿಕೊಂಡಿರಬೇಕು. ಅದಕ್ಕೆ ಟ್ರಿಪ್ಲೆಟ್ ಎಂದು ಹೆಸರು, ಅಳಿಸಿಹಾಕಿದ್ದ ಪುಟ್ಟ 3 ಅದರದ್ದೇ ಗುರುತು. ನಮಗೆ ಇದು ಹೊಸದಲ್ಲ. ತಾಳ ಚತುರಶ್ರವಾಗಿಯೇ ಇದೆ, ನಡೆ ಮಾತ್ರ ತಿಶ್ರ. ಆದಿತಾಳಕ್ಕೆ ತಿಶ್ರ ನಡೆಯಲ್ಲಿ ಸ್ವರ ಹಾಕುವಾಗ ಯಾರೂ ತಾಳದ ಹೆಸರನ್ನೇ ಬದಲಿಸುವುದಿಲ್ಲ.

ಹಾಗಾದರೆ ನಾಲ್ಕು–ನಾಲ್ಕು ಎಂದು ಬರೆದರೆ ಆಯಿತೇ? ಲೆಕ್ಕಕ್ಕೆ ಸರಿ. ಬೀಥೋವನ್ ಬರೆದದ್ದು ಬೇರೆ. ಮೊದಲ ಮುದ್ರಣದಲ್ಲಿ ಇಂಗ್ಲಿಷಿನ ಸಿ ಅಕ್ಷರದಂಥ ಒಂದು ಚಿಹ್ನೆ, ಅದನ್ನು ನಡುವೆ ಸೀಳಿದ ಒಂದು ನಿಂತ ಗೀಟು ಇದೆ. ಸುಮ್ಮನೆ ಸಿ ಇದ್ದರೆ ಬಾರ್‌ಗೆ ನಾಲ್ಕು ಕಾಲುಗಳ ನಾಲ್ಕು ಪೆಟ್ಟು; ಗೀಟು ಬಿದ್ದರೆ ಎರಡು ಅರ್ಧಗಳ ಎರಡೇ ಪೆಟ್ಟು. ಅಂದಹಾಗೆ ಈ ಸಿ ಯಾವ ಇಂಗ್ಲಿಷ್ ಪದದ ಮೊದಲ ಅಕ್ಷರವೂ ಅಲ್ಲ. ಯುರೋಪಿನ ಮಧ್ಯಯುಗದ ಲಿಪಿಕಾರರು ಮೂರರ ಲಯವನ್ನು ಪರಿಪೂರ್ಣ ಎಂದು ಭಾವಿಸಿ ಪೂರ್ತಿ ವೃತ್ತದಿಂದ ಗುರುತಿಸುತ್ತಿದ್ದರು, ಎರಡರ ಲಯಕ್ಕೆ ಮುರಿದ ವೃತ್ತ. ಆ ಮುರಿದ ವೃತ್ತವೇ ಇಂದಿನ ಸಿ.

ನಾಲ್ಕು ಪೆಟ್ಟೋ ಎರಡು ಪೆಟ್ಟೋ ಎಂಬುದು ಬರೀ ಪರೀಕ್ಷೆಯ ಸೂಕ್ಷ್ಮವಲ್ಲ. ಹಾಳೆಯ ತಲೆಯಲ್ಲಿ ನಿಧಾನ ಎಂಬ ಅರ್ಥದ ‘ಅಡಾಜಿಯೊ’ ಇದೆ. ನಾಲ್ಕು ಪೆಟ್ಟಿನ ಅಡಾಜಿಯೊ ಎಂದು ಓದಿದವರು ಒಂದೊಂದು ಟ್ರಿಪ್ಲೆಟ್‌ಗೂ ಒಂದೊಂದು ನಿಧಾನದ ಪೆಟ್ಟು ಹಾಕುತ್ತಾ ಹೋಗುತ್ತಾರೆ, ಎಡಗೈಯ ಇಳಿಕೆ ಕಿವಿಗೆ ಒಂದು ಸಾಲಾಗಿ ಕೂಡುವುದೇ ಇಲ್ಲ. ನಿಧಾನವಾಗಿರಬೇಕಾದ್ದು ಆ ಅರ್ಧ ನೋಟ್‌ಗಳ ಹೆಜ್ಜೆ. ಗೀಟು ಬಿಟ್ಟುಹೋದ ಮುದ್ರಣಗಳೂ ಸಾಕಷ್ಟಿವೆ. ಅಂಥದ್ದನ್ನು ಇಟ್ಟುಕೊಂಡು ಕಲಿತವರು ಈ ಭಾಗವನ್ನು ಎಳೆದಾಡುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ.

ಇನ್ನು ಕಾರ್ಡ್‌ಗಳು. ಮಗಳು ಖಾಲಿ ಬಿಟ್ಟ ಜಾಗ.

ಒಂದು ಸ್ವರ ಹಿಡಿದು, ಒಂದು ಬಿಟ್ಟು ಮುಂದಿನದು, ಮತ್ತೊಂದು ಬಿಟ್ಟು ಅದರ ಮುಂದಿನದು ಸೇರಿಸಿದರೆ ಕಾರ್ಡ್. ಸ, ಗ, ಪ ಒಂದು ಕಾರ್ಡ್. ರಿ, ಮ, ದ ಇನ್ನೊಂದು. ಬುಡದ ಸ್ವರದ ಹೆಸರೇ ಕಾರ್ಡ್‌ನ ಹೆಸರು. ಬುಡದಿಂದ ಲೆಕ್ಕ ಹಾಕಿದಾಗ ಗಾಂಧಾರದ ಜಾಗದಲ್ಲಿರುವ ಸ್ವರ ಅಂತರ ಗಾಂಧಾರದ ದೂರದಲ್ಲಿದ್ದರೆ ಮೇಜರ್, ಸಾಧಾರಣ ಗಾಂಧಾರದ ದೂರದಲ್ಲಿದ್ದರೆ ಮೈನರ್. ಹಾಳೆಯಲ್ಲಿ ಈ ಸ್ವರಗಳು ಕ್ರಮವಾಗಿ ಬರುವುದಿಲ್ಲ, ಒಂದೇ ಸಲಕ್ಕೂ ಬರುವುದಿಲ್ಲ, ಮೂನ್‌ಲೈಟ್‌ನಲ್ಲಂತೂ ಒಂದರ ಹಿಂದೊಂದು ಹನಿಯುತ್ತವೆ. ಓದುವವರು ಎಡಗೈ ಒಂದು ಸ್ವರವನ್ನು ಹಿಡಿದಿರುವಷ್ಟು ಹೊತ್ತು ಬಲಗೈಯಲ್ಲಿ ಬಂದದ್ದನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ಒಂದು ಬಿಟ್ಟು ಒಂದು ಸಿಗುವ ಹಾಗೆ ಜೋಡಿಸಿಕೊಳ್ಳಬೇಕು.

ಮೊದಲ ಬಾರ್‌ನ ಬುಟ್ಟಿ: ಬಲಗೈಯಲ್ಲಿ ಜಿ ಶಾರ್ಪ್, ಸಿ ಶಾರ್ಪ್, ಇ, ನಾಲ್ಕು ಸಲ ಅದೇ. ಕೆಳಗೆ ಸಿ ಶಾರ್ಪ್. ಜೋಡಿಸಿದರೆ ಸಿ ಶಾರ್ಪ್, ಇ, ಜಿ ಶಾರ್ಪ್. ನಮ್ಮ ಸ, ಗ, ಪ. ಗಾಂಧಾರ ಸಾಧಾರಣ, ಆದ್ದರಿಂದ ಸಿ ಶಾರ್ಪ್ ಮೈನರ್. ಷಡ್ಜದ ಕಾರ್ಡ್, ಮನೆ.

ಎರಡನೆಯ ಬಾರ್‌ನಲ್ಲಿ ಮೊದಲ ಬಲೆ. ಎಡಗೈ ಬಿ ಹಿಡಿದಿದೆ. ‘ಬಿ ಅಂದರೆ ಇ ಮೇಜರ್‌ನ ಪಂಚಮವಲ್ಲವೇ, ನಾನು ಹೇಳಿದ್ದು ಸರಿಯೇ ಇರಬೇಕು’ ಎಂದು ಮಗಳು ಇಲ್ಲಿ ಮತ್ತೆ ವಾದಕ್ಕೆ ನಿಂತಳು. ಬಲಗೈ ನೋಡು ಎಂದೆ. ಅಲ್ಲಿ ಅದೇ ಜಿ ಶಾರ್ಪ್, ಸಿ ಶಾರ್ಪ್, ಇ, ಒಂದೂ ಕದಲಿಲ್ಲ. ಬಿ ಕಾರ್ಡ್ ಆಗಬೇಕಾದರೆ ಡಿ ಶಾರ್ಪ್, ಎಫ್ ಶಾರ್ಪ್ ಬೇಕು, ಎರಡೂ ಇಲ್ಲ. ಕಾರ್ಡ್ ಬದಲಾಗಿಲ್ಲ, ತಳ ಮಾತ್ರ ಷಡ್ಜದಿಂದ ನಿಷಾದಕ್ಕೆ ಜಾರಿದೆ, ಧೈವತಕ್ಕೆ ಹೋಗುವ ದಾರಿಯಲ್ಲಿ. ಕೀಬೋರ್ಡ್ ನುಡಿಸುವವರು ಇದನ್ನು ‘ಸಿ ಶಾರ್ಪ್ ಮೈನರ್, ಬೇಸ್‌ನಲ್ಲಿ ಬಿ’ ಎನ್ನುತ್ತಾರೆ.

ಮೂರನೆಯ ಬಾರ್‌ನ ಮೊದಲರ್ಧ ಸುಲಭ. ಎ, ಸಿ ಶಾರ್ಪ್, ಇ, ತಳದಲ್ಲಿ ಎ. ಎ ಮೇಜರ್. ನಮ್ಮ ಲೆಕ್ಕದಲ್ಲಿ ಧೈವತದ ಮೇಲೆ ಕಟ್ಟಿದ ಕಾರ್ಡ್. ಜಿ ಶಾರ್ಪ್ ಇದ್ದಲ್ಲಿ ಎ ಬಂತು, ಅಷ್ಟೇ ಬದಲಾವಣೆ. ಬಲಗೈಯ ಉಳಿದೆರಡು ಬೆರಳು ಜಾಗ ಬಿಟ್ಟಿಲ್ಲ.

ಎರಡನೆಯ ಅರ್ಧದಲ್ಲಿ ಡಿ ಸ್ವರದ ಮುಂದೆ ನ್ಯಾಚುರಲ್ ಎಂಬ ಚಿಹ್ನೆ ಬಿದ್ದಿದೆ. ಕೀ ಸಿಗ್ನೇಚರ್ ಏರಿಸಿದ್ದನ್ನು ಇಲ್ಲಿ ರದ್ದು ಮಾಡು ಎಂದು ಅದರ ಅರ್ಥ. ಬುಟ್ಟಿಯಲ್ಲಿರುವುದು ಎ, ಡಿ, ಎಫ್ ಶಾರ್ಪ್. ತಳದಲ್ಲಿ ಎಫ್ ಶಾರ್ಪ್. ಜೋಡಿಸಿದರೆ ಡಿ, ಎಫ್ ಶಾರ್ಪ್, ಎ. ಡಿ ಮೇಜರ್, ಬುಡದ ಬದಲು ನಡುವಿನ ಸ್ವರವನ್ನು ತಳದಲ್ಲಿಟ್ಟುಕೊಂಡು ಕೂತಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿ ಶಾರ್ಪ್ ಷಡ್ಜವಾದಾಗ ಡಿ ಶಾರ್ಪ್ ಚತುಶ್ರುತಿ ರಿಷಭ, ನಟಭೈರವಿಯ ಸ್ವಂತ ರಿಷಭ. ನ್ಯಾಚುರಲ್ ಬಿದ್ದ ಡಿ ಶುದ್ಧ ರಿಷಭ, ನಟಭೈರವಿಗೆ ಅನ್ಯಸ್ವರ. ಭಾಷಾಂಗ ರಾಗಗಳಲ್ಲಿ ಅನ್ಯಸ್ವರ ಒಂದೇ ಒಂದು ಸಂಚಾರದಲ್ಲಿ ಮುಖ ತೋರಿಸಿ ಹೋಗುವ ಹಾಗೆ ಬೀಥೋವನ್ ಇದನ್ನು ಅರ್ಧ ಬಾರ್ ಮಾತ್ರ ಬಿಟ್ಟು ಹಿಂದಕ್ಕೆ ಕರೆದುಕೊಳ್ಳುತ್ತಾನೆ. ಪಾಶ್ಚಾತ್ಯರು ಶುದ್ಧ ರಿಷಭದ ಮೇಲೆ ಕಟ್ಟಿದ ಈ ಮೇಜರ್ ಕಾರ್ಡ್‌ಗೆ ಇಟಲಿಯ ನೇಪಲ್ಸ್ ಊರಿನ ಹೆಸರಿಟ್ಟು ನಿಯಪಾಲಿಟನ್ ಎನ್ನುತ್ತಾರೆ. ಆ ಊರಿನ ಒಪೆರಾದವರು ಅದನ್ನು ಬಹಳ ಬಳಸುತ್ತಿದ್ದರಂತೆ, ಹುಟ್ಟಿಸಿದ್ದು ಅವರಲ್ಲ. ಮಧ್ಯಮ ತಳದಲ್ಲಿರುವುದು ಅದರ ರೂಢಿಯ ಭಂಗಿ, ಪಂಚಮಕ್ಕೆ ಹೋಗುವುದು ಅದರ ರೂಢಿಯ ದಾರಿ. ಇಲ್ಲಿ ಎರಡೂ ಚಾಚೂ ತಪ್ಪದೆ ಇವೆ. ಓದುವಾಗ ‘ಡಿ ಮೇಜರ್’ ಎಂದಷ್ಟೇ ಬರೆದರೆ ಹೆಸರು ಹೇಳಿದಂತಾಯಿತು, ಇಡೀ ಸಾಲಿನಲ್ಲಿ ಅದೊಂದೇ ಹೊರಗಿನವನು ಎಂದು ಗುರುತಿಸಿದಂತಾಗಲಿಲ್ಲ. ಮೂನ್‌ಲೈಟ್ ಕೇಳುವಾಗ ಮೂರನೆಯ ಬಾರ್‌ನ ನಡುವೆ ಏನೋ ಒಂದು ಕದಲಿದ ಹಾಗೆ ಆಗುತ್ತದಲ್ಲ, ಅದಕ್ಕೆ ಕಾರಣ ಈ ಒಂದು ಸ್ವರ.

ನಾಲ್ಕನೆಯ ಬಾರ್ ಉದ್ದಕ್ಕೂ ತಳದಲ್ಲಿ ಜಿ ಶಾರ್ಪ್, ಪಂಚಮ. ಬಲಗೈಯ ನಾಲ್ಕು ಗುಂಪುಗಳು ಮಾತ್ರ ಒಂದೊಂದೂ ಬೇರೆ. ಮೊದಲನೆಯದು ಜಿ ಶಾರ್ಪ್, ಬಿ ಶಾರ್ಪ್, ಎಫ್ ಶಾರ್ಪ್. ಎರಡನೆಯದು ಜಿ ಶಾರ್ಪ್, ಸಿ ಶಾರ್ಪ್, ಇ. ಮೂರನೆಯದು ಜಿ ಶಾರ್ಪ್, ಸಿ ಶಾರ್ಪ್, ಡಿ ಶಾರ್ಪ್. ನಾಲ್ಕನೆಯದು ಎಫ್ ಶಾರ್ಪ್, ಬಿ ಶಾರ್ಪ್, ಡಿ ಶಾರ್ಪ್. ಮೊದಲ ಮತ್ತು ಕೊನೆಯ ಗುಂಪುಗಳನ್ನು ಕೂಡಿಸಿ ಜೋಡಿಸಿದರೆ ಜಿ ಶಾರ್ಪ್, ಬಿ ಶಾರ್ಪ್, ಡಿ ಶಾರ್ಪ್, ಎಫ್ ಶಾರ್ಪ್. ಪ, ನಿ, ರಿ, ಮ. ಮೂರರ ಮೇಲೆ ನಾಲ್ಕನೆಯದೂ ಸೇರಿರುವ ಇದಕ್ಕೆ ಜಿ ಶಾರ್ಪ್ ಸೆವೆಂತ್ ಎಂದು ಹೆಸರು. ಷಡ್ಜಕ್ಕೆ ಕರೆದೊಯ್ಯುವುದೇ ಇದರ ಕೆಲಸ.

ನಡುವಿನ ಎರಡು ಗುಂಪುಗಳ ವಿಷಯದಲ್ಲಿ ಬಲ್ಲವರೇ ಎರಡು ಮಾತಾಡುತ್ತಾರೆ. ಎರಡನೆಯದನ್ನು ‘ಸಿ ಶಾರ್ಪ್ ಮೈನರ್, ತಳದಲ್ಲಿ ಜಿ ಶಾರ್ಪ್’ ಎಂದು ಬೇರೆ ಕಾರ್ಡ್ ಆಗಿ ಎಣಿಸುವವರಿದ್ದಾರೆ. ತಳ ಅಲ್ಲಾಡದಿರುವಾಗ ಕಾರ್ಡ್ ಬದಲಾಯಿತು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಿಷಾದ ಷಡ್ಜಕ್ಕೆ ಹೋಗಿ, ಅಲ್ಲೇ ಒಂದು ಗುಂಪು ಕಾದು, ಮತ್ತೆ ನಿಷಾದಕ್ಕೆ ಇಳಿಯುತ್ತದೆ. ಮಧ್ಯಮ ಗಾಂಧಾರ ಮುಟ್ಟಿ ರಿಷಭಕ್ಕೆ ಬರುತ್ತದೆ. ಪಂಚಮದ ಮೇಲೆ ನಿಂತು ಹಾಕಿದ ಒಂದು ಕುಸುರಿ ಅದು. ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ನಾಲ್ಕನ್ನೂ ಬರೆಯುವುದು ಕ್ಷೇಮ.

ಬಿ ಶಾರ್ಪ್ ಬಗ್ಗೆ ಮಗಳಿಗೆ ಇನ್ನೊಂದು ತಕರಾರಿತ್ತು. ಪಿಯಾನೊದ ಮೇಲೆ ಬಿ ಶಾರ್ಪ್ ಎಂದರೆ ಸಿ ಎಂಬ ಬಿಳಿ ಮನೆಯೇ. ಸುಮ್ಮನೆ ಸಿ ಎಂದು ಬರೆದು ನ್ಯಾಚುರಲ್ ಹಾಕಬಹುದಿತ್ತಲ್ಲ, ಯಾಕಿಷ್ಟು ಸುತ್ತು? ಹಾಗೆ ಬರೆದುಕೊಂಡು ಕಾರ್ಡ್ ಜೋಡಿಸಲು ಹೊರಟರೆ ತಿಳಿಯುತ್ತದೆ. ಜಿ, ಬಿ, ಡಿ, ಎಫ್ ಒಂದು ಬಿಟ್ಟು ಒಂದು ಸರಿಯಾಗಿ ಕೂಡುತ್ತವೆ. ಜಿ, ಸಿ, ಡಿ, ಎಫ್ ಎಂದಾದರೆ ಯಾವ ಕಡೆಯಿಂದ ಎಣಿಸಿದರೂ ಕೂಡುವುದಿಲ್ಲ. ಬುಟ್ಟಿಯಲ್ಲಿರುವುದು ಯಾವ ಕಾರ್ಡ್ ಎಂದು ಗೊತ್ತಾಗದೆ ಕೂರಬೇಕಾಗುತ್ತದೆ. ಥಿಯರಿ ಪತ್ರಿಕೆಗಳಲ್ಲಿ ಮಕ್ಕಳು ಸಿಕ್ಕಿಬೀಳುವ ಜಾಗ ಇದೇ, ಕೀಬೋರ್ಡ್ ಕಣ್ಣಮುಂದೆ ಇಟ್ಟುಕೊಂಡು ಅಕ್ಷರವನ್ನು ಬದಲಿಸಿಬಿಡುತ್ತಾರೆ. ಚತುಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಸ್ಥಾನ ಎಂದು ನಮಗೂ ಗೊತ್ತು. ಆದರೂ ಕನಕಾಂಗಿ ಹಾಡುವಾಗ ಅದನ್ನು ಗ ಎಂದೇ ಕರೆಯುತ್ತೇವೆ, ಖರಹರಪ್ರಿಯದಲ್ಲಿ ರಿ ಎಂದು. ಮನೆ ಯಾವುದು ಎಂಬುದಕ್ಕಿಂತ ಅದು ಅಲ್ಲಿ ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ಹೆಸರು ಹೇಳುತ್ತದೆ.

ಐದನೆಯ ಬಾರ್‌ನಲ್ಲಿ ತಳ ಸಿ ಶಾರ್ಪ್‌ಗೆ ಬಂತು, ಮೇಲೆಯೂ ಸಿ ಶಾರ್ಪ್ ಮೈನರ್. ಬಾರ್‌ನ ಕೊನೆಯಲ್ಲಿ ಬಲಗೈಯ ಮೇಲುಬೆರಳಿಗೆ ಮೊದಲ ಸಲ ಹಾಡು ಬರುತ್ತದೆ, ಜಿ ಶಾರ್ಪ್, ಒಂದೇ ಸ್ವರವನ್ನು ಮತ್ತೆ ಮತ್ತೆ ಮುಟ್ಟುವ ಹಾಡು. ಮಗಳ ಹಾಳೆ ಇಲ್ಲಿಗೆ ಮುಗಿದಿತ್ತು. ಖಾಲಿ ಜಾಗದಲ್ಲಿ ಅವಳು ಬರೆದಳು: ಸಿ ಶಾರ್ಪ್ ಮೈನರ್, ಅದೇ ಬೇಸ್‌ನಲ್ಲಿ ಬಿ, ಎ ಮೇಜರ್, ಬೇಸ್‌ನಲ್ಲಿ ಎಫ್ ಶಾರ್ಪ್ ಇರುವ ಡಿ ಮೇಜರ್, ಜಿ ಶಾರ್ಪ್ ಸೆವೆಂತ್, ಸಿ ಶಾರ್ಪ್ ಮೈನರ್.

ಅವಳ ಇ ಮೇಜರ್ ಎಲ್ಲಿ ಹೋಯಿತು? ಪೂರ್ತಿ ಹಾಳೆಯನ್ನು ತೆಗೆದು ಮುಂದೆ ಓದಿದೆವು. ಒಂಬತ್ತನೆಯ ಬಾರ್‌ನಲ್ಲಿ ಎಡಗೈ ಇ ಮೇಲೆ ಬಂದು ನಿಲ್ಲುತ್ತದೆ, ಮೇಲೆ ಇ ಮೇಜರ್ ಕಾರ್ಡ್. ಗ್ರಹಭೇದ ಆಗಿಯೇಬಿಟ್ಟಿತು ಎಂದು ಮಗಳು ಗೆದ್ದ ಮುಖ ಮಾಡುವಷ್ಟರಲ್ಲಿ ಹತ್ತನೆಯ ಬಾರ್‌ನಲ್ಲಿ ಜಿ ಮುಂದೆ ನ್ಯಾಚುರಲ್ ಬಿದ್ದು ಅದು ಇ ಮೈನರ್ ಆಯಿತು. ಕೀ ಸಿಗ್ನೇಚರ್ ಮಾತ್ರ ಅದೇ ನಾಲ್ಕು ಶಾರ್ಪ್. ನಡುವೆ ಎಲ್ಲಿ ಸುತ್ತಿದರೂ ಅದನ್ನು ಬದಲಿಸುವುದಿಲ್ಲ, ಬೇಕಾದ ಕಡೆ ಚಿಹ್ನೆ ಬರೆದುಕೊಳ್ಳುತ್ತಾರೆ. ಅದಕ್ಕೇ ಕೃತಿಯ ನಡುವಿನಿಂದ ಕತ್ತರಿಸಿ ಕೊಟ್ಟ ತುಣುಕಿನಲ್ಲಿ ಎಡತುದಿಯ ಶಾರ್ಪ್‌ಗಳು ಇಡೀ ಕೃತಿಯ ಮನೆಯನ್ನು ಸೂಚಿಸುತ್ತವೆಯೇ ಹೊರತು ಆ ತುಣುಕು ಆಗ ಎಲ್ಲಿದೆ ಎಂಬುದನ್ನಲ್ಲ.

ಈ ಮೊದಲ ಭಾಗ 69ನೆಯ ಬಾರ್‌ನಲ್ಲಿ ಸಿ ಶಾರ್ಪ್ ಮೈನರ್ ಮೇಲೆಯೇ ಮುಗಿಯುತ್ತದೆ. ಕೃತಿಯ ಹಕ್ಕುಸ್ವಾಮ್ಯದ ಕಾಲ ಎಂದೋ ಕಳೆದುಹೋಗಿರುವುದರಿಂದ ಹಳೆಯ ಮುದ್ರಣಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಎರಡನೆಯ ಭಾಗದ ಪುಟ ತೆರೆಯಿರಿ. ನಾಲ್ಕು ಶಾರ್ಪ್ ಹೋಗಿ ಐದು ಫ್ಲಾಟ್ ಬಂದಿರುತ್ತವೆ, ಟೈಮ್ ಸಿಗ್ನೇಚರ್ ಮೂರು–ನಾಲ್ಕು. ನೋಡಿದರೆ ಬೇರೆ ಊರಿಗೇ ಬಂದ ಹಾಗಿದೆ. ಎಡಗೈಯನ್ನು ಹಿಡಿದು ಷಡ್ಜ ಹುಡುಕಿ. ಡಿ ಫ್ಲಾಟ್ ಸಿಗುತ್ತದೆ. ಪಿಯಾನೊದಲ್ಲಿ ಅದು ಯಾವ ಮನೆ ಎಂದು ಬೆರಳಿಟ್ಟು ನೋಡಿ. ಅದೇ ಕಪ್ಪು ಒಂದು.